ದಾಲ್ ಮಿಲ್ಲಿನ ರೇಶಿಯೊ ಸ್ಲೈಡ್ ಓದುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವರಿಗೆ ಜಾಸ್ತಿ ಎದುರಾಗುವುದು ತೊಗರಿಯ ಲೆಕ್ಕವೇ. ದಾಲ್ ಮಿಲ್ ಮಾಲೀಕರು, ರೈತ ಉತ್ಪಾದಕರ ಕಂಪನಿಯ ನಿರ್ದೇಶಕರು, ಅದರ ಷೇರುದಾರ ರೈತರು, ಬಿಕಾಂ ಓದುವ ಹುಡುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗೆ ತೆಗೆದುಕೊಂಡ ಮಿಲ್ಲು ಕಲ್ಪನೆಯದು. ಅಂಕಿಗಳು ಮಾತ್ರ ಒಂದಕ್ಕೊಂದು ತಾಳೆ ಆಗುವ ಹಾಗಿವೆ. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಬಹುದು.

## ಮೊದಲು ತಿಳಿಯಬೇಕಾದ್ದು

ಸ್ಲೈಡ್‌ನಲ್ಲಿ ಬರೀ 1.26, 0.40, 0.5 ಅಂತ ಇದೆ. ರೂಪಾಯಿನೇ ಇಲ್ಲ. ಇದನ್ನ ಎಲ್ಲಿಂದ ಓದೋಕೆ ಶುರು ಮಾಡಬೇಕು?

ಸ್ಲೈಡ್‌ನಿಂದಲ್ಲ, ಅದರ ಹಿಂದಿರುವ ಬ್ಯಾಲೆನ್ಸ್ ಶೀಟ್‌ನಿಂದ. ರೇಶಿಯೊ ಅಂದರೆ ಒಂದು ಮೊತ್ತವನ್ನು ಇನ್ನೊಂದರಿಂದ ಭಾಗಿಸಿದ್ದು, ಅಷ್ಟೇ. ಯಾವುದನ್ನು ಯಾವುದರಿಂದ ಭಾಗಿಸಿದರು ಎಂದು ಗೊತ್ತಾಗದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಸಭೆಯಲ್ಲಿ ಸ್ಲೈಡ್ ತೋರಿಸಿದರೆ ಬ್ಯಾಲೆನ್ಸ್ ಶೀಟ್ ಮತ್ತು ಲಾಭ-ನಷ್ಟದ ಪಟ್ಟಿಯ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ.

ನಮ್ಮ ಉದಾಹರಣೆ ಮಿಲ್ಲಿನ ಮಾರ್ಚ್ 31ರ ಸ್ಥಿತಿ ಹೀಗಿದೆ. ಎಲ್ಲವೂ ಲಕ್ಷ ರೂಪಾಯಿಯಲ್ಲಿ. ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್, ಸ್ಟಾಕ್ ಮತ್ತು ಉದ್ರಿ ನೋಡಿ ಬ್ಯಾಂಕ್ ಕೊಡುವ, ಬೇಕಾದಾಗ ತೆಗೆದು ಕಟ್ಟಬಹುದಾದ ಸಾಲ.

| ಹಣ ಎಲ್ಲಿದೆ | ಲಕ್ಷ | ಹಣ ಎಲ್ಲಿಂದ ಬಂತು | ಲಕ್ಷ |
|---|---|---|---|
| ಜಾಗ, ಕಟ್ಟಡ, ಯಂತ್ರ | 160 | ಸ್ವಂತ ಬಂಡವಾಳ | 180 |
| ತೊಗರಿ, ಬೇಳೆ ಸ್ಟಾಕ್ | 300 | ಟರ್ಮ್ ಲೋನ್ (ಒಂದು ವರ್ಷದ ನಂತರ ಕಟ್ಟುವುದು) | 70 |
| ಉದ್ರಿ ಬಾಕಿ ಬರಬೇಕಾದ್ದು | 120 | ಟರ್ಮ್ ಲೋನ್ (ಬರುವ ವರ್ಷದ ಕಂತು) | 20 |
| ನಗದು, ಬ್ಯಾಂಕ್ | 10 | ಸಿಸಿ ಸಾಲ | 250 |
| ಇತರೆ | 10 | ಕೊಡಬೇಕಾದ ಖರೀದಿ ಬಾಕಿ | 80 |
| ಒಟ್ಟು | 600 | ಒಟ್ಟು | 600 |

ವರ್ಷದ ವ್ಯಾಪಾರ 1200 ಲಕ್ಷ, ಅಂದರೆ 12 ಕೋಟಿ. ಬಡ್ಡಿ, ತೆರಿಗೆಗೆ ಮುಂಚಿನ ಲಾಭ 42 ಲಕ್ಷ. ಬಡ್ಡಿ 26 ಲಕ್ಷ, ತೆರಿಗೆ 4 ಲಕ್ಷ, ಕೊನೆಗೆ ಉಳಿದದ್ದು 12 ಲಕ್ಷ.

ಕರೆಂಟ್ ರೇಶಿಯೊ 1.26 ಅಂದ್ರೆ ಒಳ್ಳೇದಾ, ಕೆಟ್ಟದ್ದಾ?

ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು, ಒಂದು ವರ್ಷದೊಳಗೆ ಕೊಡಬೇಕಾದ ಹಣದಿಂದ ಭಾಗಿಸಿದರೆ ಕರೆಂಟ್ ರೇಶಿಯೊ ಸಿಗುತ್ತದೆ. ಇಲ್ಲಿ ಸ್ಟಾಕ್, ಉದ್ರಿ, ನಗದು, ಇತರೆ ಸೇರಿ 440. ಕೊಡಬೇಕಾದ್ದು ಸಿಸಿ 250, ಖರೀದಿ ಬಾಕಿ 80, ಕಂತು 20, ಒಟ್ಟು 350. 440ನ್ನು 350ರಿಂದ ಭಾಗಿಸಿದರೆ 1.26.

ಕೊಡಬೇಕಾದ ಪ್ರತಿ 100 ರೂಪಾಯಿಗೆ ಎದುರಾಗಿ 126 ರೂಪಾಯಿಯ ಆಸ್ತಿ ಇದೆ. ಆದರೆ ಆ 126ರಲ್ಲಿ ಸುಮಾರು 86 ರೂಪಾಯಿ ಗೋದಾಮಿನಲ್ಲಿ ಚೀಲದಲ್ಲಿದೆ. ಅದು ಮಾರಾಟವಾಗಬೇಕು, ಮಾರಿದ್ದರ ಹಣ ಕೈಗೆ ಬರಬೇಕು. ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ತೊಗರಿಯ ಮೇಲೆ ನಿಂತಿದೆ. ಬರೀ 1.26 ನೋಡಿ ತೀರ್ಪು ಕೊಡಲು ಆಗುವುದಿಲ್ಲ.

ಬ್ಯಾಂಕಿನವರು ಯಾವಾಗ್ಲೂ 1.33 ಇರಬೇಕು ಅಂತಾರೆ. ಈ 1.33 ಎಲ್ಲಿಂದ ಬಂತು?

ರಿಸರ್ವ್ ಬ್ಯಾಂಕ್ 1974ರಲ್ಲಿ ಪ್ರಕಾಶ್ ಟಂಡನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು. ಅದರ ವರದಿ 1975ರಲ್ಲಿ ಬಂತು. ಅದರಲ್ಲಿದ್ದ ಎರಡನೇ ವಿಧಾನ ಹೇಳುವುದಿಷ್ಟು: ಸ್ಟಾಕ್, ಉದ್ರಿ ಮುಂತಾದ ಚಾಲ್ತಿ ಆಸ್ತಿಯ ಕಾಲು ಭಾಗಕ್ಕೆ ಮಾಲೀಕರ ಬಂಡವಾಳ ಅಥವಾ ದೀರ್ಘಾವಧಿಯ ಹಣ ಹಾಕಬೇಕು. ಉಳಿದ ಮುಕ್ಕಾಲು ಭಾಗ ಮಾತ್ರ ಬ್ಯಾಂಕ್ ಮತ್ತು ಖರೀದಿ ಬಾಕಿಯಿಂದ ಬರಬಹುದು. 100ನ್ನು 75ರಿಂದ ಭಾಗಿಸಿ ನೋಡಿ, 1.33 ಬರುತ್ತದೆ.

ನಮ್ಮ ಮಿಲ್ಲಿಗೆ 440ರ ಕಾಲು ಭಾಗ, ಅಂದರೆ 110 ಲಕ್ಷ ದೀರ್ಘಾವಧಿಯ ಹಣದಿಂದ ಬರಬೇಕಿತ್ತು. ಬಂದಿರುವುದು 440ರಲ್ಲಿ 350 ಕಳೆದು 90 ಲಕ್ಷ. 20 ಲಕ್ಷ ಕಡಿಮೆ ಬಿದ್ದಿದೆ.

ಈ 20 ಲಕ್ಷವೇ ಒಂದು ಮುಖ್ಯ ವಿಷಯ. ಬರುವ ವರ್ಷದ ಟರ್ಮ್ ಲೋನ್ ಕಂತೂ ಅಷ್ಟೇ ಇದೆ, ಅಲ್ವಾ? ಸ್ಲೈಡ್ ಮಾಡಿದವರು ಆ ಕಂತನ್ನು ಚಾಲ್ತಿ ಬಾಕಿಯಲ್ಲಿ ಸೇರಿಸದೆ ಬಿಟ್ಟರೆ ಲೆಕ್ಕ 440 ಭಾಗಿಸು 330 ಆಗುತ್ತದೆ. ಆಗ ಸ್ಲೈಡ್ ಮೇಲೆ ಸರಿಯಾಗಿ 1.33 ಬರುತ್ತದೆ! ಮಿಲ್ಲು ಅದೇ, ದಿನವೂ ಅದೇ. ಹಾಗಾಗಿ 1.33 ಕಂಡಾಗ ನಾನು ಮೊದಲು ಕೇಳುವುದು ‘ಕಂತು ಸೇರಿದೆಯಾ?’ ಎಂದೇ.

ಕ್ವಿಕ್ ರೇಶಿಯೊ 0.40 ಅಂತ ಕೆಂಪು ಬಣ್ಣದಲ್ಲಿ ತೋರ್ಸಿದ್ರು. ಮಿಲ್ಲು ಮುಳುಗ್ತಾ?

ಅಷ್ಟಕ್ಕೇ ಗಾಬರಿ ಬೇಡ. ಕ್ವಿಕ್ ರೇಶಿಯೊದಲ್ಲಿ ಸ್ಟಾಕ್ ಕಳೆದು ಲೆಕ್ಕ ಹಾಕುತ್ತಾರೆ. 440ರಲ್ಲಿ 300 ಹೋದರೆ 140. ಅದನ್ನು 350ರಿಂದ ಭಾಗಿಸಿದರೆ 0.40. ಪುಸ್ತಕದಲ್ಲಿ 1 ಇರಬೇಕು ಎಂದು ಓದಿದವರಿಗೆ ಇದು ಅಪಾಯದ ಅಂಕಿಯಾಗಿ ಕಾಣುತ್ತದೆ.

ತೊಗರಿ ಯಾವ ಹೊತ್ತಿಗೂ ಗಂಜ್‌ನಲ್ಲಿ ಕೊಳ್ಳುವವರು ಸಿಗುವ ಸರಕು. ದಿನದಿನಕ್ಕೆ ದರ ಗೊತ್ತಾಗುತ್ತದೆ. ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅರ್ಧಕ್ಕೆ ನಿಂತ ಸಾಮಾನನ್ನು ಯಾರೂ ಕೊಳ್ಳುವುದಿಲ್ಲ, ಅಂಥ ಕಡೆ ಸ್ಟಾಕ್ ಕಳೆದು ನೋಡುವುದು ಸರಿ. ದಾಲ್ ಮಿಲ್ಲಿನಲ್ಲಿ ಕೇಳಬೇಕಾದ್ದು ಬೇರೆ: ಮಾರಿದರೆ ಯಾವ ದರ ಸಿಗುತ್ತದೆ? ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಇನ್ನೊಂದು ಮಾತು. ಕ್ವಿಕ್ ರೇಶಿಯೊದಲ್ಲಿ ಉದ್ರಿಯನ್ನು ಕಳೆಯುವುದಿಲ್ಲ. ಎರಡು ವರ್ಷದಿಂದ ಬಾರದ ಉದ್ರಿಯೂ ‘ಬೇಗ ನಗದಾಗುವ’ ಆಸ್ತಿ ಎಂದೇ ಲೆಕ್ಕಕ್ಕೆ ಸೇರುತ್ತದೆ. ನನ್ನ ಮಟ್ಟಿಗೆ ಹಳೇ ಉದ್ರಿಗಿಂತ ಗೋದಾಮಿನ ತೊಗರಿಯೇ ಎಷ್ಟೋ ವಾಸಿ.

ಮಾರ್ಚ್ ಲೆಕ್ಕಕ್ಕೂ ಸೆಪ್ಟೆಂಬರ್ ಲೆಕ್ಕಕ್ಕೂ ಇಷ್ಟು ವ್ಯತ್ಯಾಸ ಯಾಕೆ? ಯಾವುದನ್ನ ನಂಬೋದು?

ನಮ್ಮಲ್ಲಿ ತೊಗರಿ ರಾಶಿ ಡಿಸೆಂಬರ್-ಜನವರಿಯಲ್ಲಿ. ಮಾರ್ಚ್‌ವರೆಗೂ ಮಾಲು ಬರುತ್ತಿರುತ್ತದೆ. ಮಿಲ್ಲಿನವರು ಆಗಲೇ ಮುಂದಿನ ತಿಂಗಳುಗಳಿಗೆ ಬೇಕಾದ್ದನ್ನು ಕೊಂಡು ಇಡುತ್ತಾರೆ. ಹಾಗಾಗಿ ಮಾರ್ಚ್ 31ಕ್ಕೆ ಗೋದಾಮೂ ತುಂಬಿರುತ್ತದೆ, ಸಿಸಿಯೂ ತುಂಬಿರುತ್ತದೆ. ವರ್ಷದ ಲೆಕ್ಕ ಮುಗಿಯುವ ದಿನವೇ ಸಾಲ ಅತಿ ಹೆಚ್ಚಿರುವ ದಿನ.

ಅದೇ ಮಿಲ್ಲನ್ನು ಸೆಪ್ಟೆಂಬರ್ 30ಕ್ಕೆ ನೋಡೋಣ. ಸ್ಟಾಕ್ 90ಕ್ಕೆ ಇಳಿದಿದೆ, ಉದ್ರಿ 110, ನಗದು ಮತ್ತು ಇತರೆ 20, ಒಟ್ಟು 220. ಸಿಸಿ 56, ಖರೀದಿ ಬಾಕಿ 50, ಕಂತು 20, ಒಟ್ಟು 126. ಕರೆಂಟ್ ರೇಶಿಯೊ 1.75. ಕ್ವಿಕ್ ರೇಶಿಯೊ 1.03. ಮಾರ್ಚ್‌ನಲ್ಲಿ ಕೆಂಪು ಬಣ್ಣದಲ್ಲಿದ್ದ ಮಿಲ್ಲು ಈಗ ಪುಸ್ತಕದ ಪರೀಕ್ಷೆಯನ್ನೂ ಪಾಸಾಗುತ್ತದೆ.

ಎರಡೂ ನಿಜ. ತಪ್ಪಾಗುವುದು ಹೋಲಿಸುವಾಗ. ಈ ವರ್ಷದ ಸೆಪ್ಟೆಂಬರನ್ನು ಹೋದ ವರ್ಷದ ಮಾರ್ಚ್ ಪಕ್ಕ ಇಟ್ಟು ‘ಸುಧಾರಣೆ ಆಗಿದೆ’ ಎಂದು ಬಾಣದ ಗುರುತು ಹಾಕಿದ ಸ್ಲೈಡ್‌ಗಳನ್ನು ನೋಡಿದ್ದೇನೆ. ಅದು ಸುಧಾರಣೆಯಲ್ಲ, ಸುಮ್ನೆ ಹಂಗಾಮು ಬದಲಾಗಿದೆ. ಮಾರ್ಚ್‌ಗೆ ಮಾರ್ಚ್, ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಇಟ್ಟು ನೋಡಿ.

ವರ್ಷದ ಕೊನೆಗೆ ರೇಶಿಯೊ ಚೆನ್ನಾಗಿ ಕಾಣೋ ಹಾಗೆ ಮಾಡ್ತಾರಂತೆ, ಹೌದೇನ್ರಿ?

ಮಾಡಲು ಆಗುತ್ತದೆ. ಸುಳ್ಳು ಲೆಕ್ಕ ಬರೆಯಬೇಕಾಗಿಯೂ ಇಲ್ಲ. ಮಾರ್ಚ್ ಕೊನೆಯ ವಾರ ವ್ಯಾಪಾರಿಗಳಿಂದ 40 ಲಕ್ಷ ಉದ್ರಿ ವಸೂಲು ಮಾಡಿ ಸಿಸಿಗೆ ಕಟ್ಟಿದರು ಎಂದುಕೊಳ್ಳಿ. ಮೇಲೆ 400, ಕೆಳಗೆ 310. ರೇಶಿಯೊ 1.26ರಿಂದ 1.29ಕ್ಕೆ ಏರುತ್ತದೆ. ರೇಶಿಯೊ 1ಕ್ಕಿಂತ ಹೆಚ್ಚಿದ್ದಾಗ ಮೇಲೆ ಕೆಳಗೆ ಎರಡೂ ಕಡೆ ಒಂದೇ ಮೊತ್ತ ಕಳೆದರೆ ಅದು ಏರಲೇಬೇಕು.

ನಿಜವಾದ ವಸೂಲಿ ಆದರೆ ಒಳ್ಳೆಯದೇ. ಏಪ್ರಿಲ್ ಮೊದಲ ವಾರದಲ್ಲಿ ಅದೇ ವ್ಯಾಪಾರಿಗೆ ಅದೇ ಮೊತ್ತ ವಾಪಸ್ ಹೋಗಿದ್ದರೆ ಅದು ಬರೀ ತೋರಿಕೆ. ಸಿಸಿ ಖಾತೆಯ ಏಪ್ರಿಲ್ 15ರವರೆಗಿನ ಸ್ಟೇಟ್‌ಮೆಂಟ್ ನೋಡಿದರೆ ಎರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.

## ಲಾಭದ ರೇಶಿಯೊಗಳು

12 ಕೋಟಿ ವ್ಯಾಪಾರ ಮಾಡಿ 12 ಲಕ್ಷ ಉಳಿಸಿದ್ದಾರೆ. ನೂರಕ್ಕೆ ಒಂದು ರೂಪಾಯಿ! ಇದೂ ಒಂದು ಲಾಭನಾ?

ಷೇರುದಾರ ರೈತರು ಬಹಳ ಕೋಪದಿಂದ ಕೇಳುವ ಪ್ರಶ್ನೆ ಇದು. ಬೇಳೆ ವ್ಯಾಪಾರದಲ್ಲಿ ಖರ್ಚಿನ ಬಹುಪಾಲು ತೊಗರಿ ಖರೀದಿಯದೇ. ನಮ್ಮ ಮಿಲ್ಲಿನಲ್ಲಿ 1200 ಲಕ್ಷದ ವ್ಯಾಪಾರಕ್ಕೆ ಮಾಲು ಮತ್ತು ತಯಾರಿಕೆಗೆ 1104 ಲಕ್ಷ ಹೋಗಿದೆ. ಉಳಿದ 96 ಲಕ್ಷ, ಶೇ 8, ಒಟ್ಟು ಲಾಭ. ಅದರಲ್ಲೇ ಸಂಬಳ, ಆಫೀಸು, ಸವಕಳಿ, ಬಡ್ಡಿ, ತೆರಿಗೆ ಎಲ್ಲ ಕಳೆಯಬೇಕು.

ಶೇ 1 ಎಂಬುದು ವ್ಯಾಪಾರದ ಮೇಲಿನ ಲಾಭ. ಹಾಕಿದ ಹಣದ ಮೇಲಿನ ಲಾಭ ಬೇರೆ. ಹಣ ವರ್ಷದಲ್ಲಿ ಎಷ್ಟು ಸುತ್ತು ಹೊಡೆಯಿತು ಎನ್ನುವುದು ಇಲ್ಲಿ ಮುಖ್ಯ. 600 ಲಕ್ಷದ ಆಸ್ತಿಯಲ್ಲಿ 1200 ಲಕ್ಷದ ವ್ಯಾಪಾರ ಆಗಿದೆ, ಅಂದರೆ ಎರಡು ಸುತ್ತು. ಆಸ್ತಿಯಲ್ಲಿ ಸ್ವಂತದ್ದು 180 ಮಾತ್ರ, ಆಸ್ತಿ ಅದರ 3.33 ಪಟ್ಟು ಇದೆ. ಶೇ 1ನ್ನು 2ರಿಂದ, ಆಮೇಲೆ 3.33ರಿಂದ ಗುಣಿಸಿದರೆ ಶೇ 6.7. ಸ್ವಂತ ಬಂಡವಾಳದ ಮೇಲೆ ಸಿಕ್ಕ ಲಾಭ ಇದು. 12ನ್ನು 180ರಿಂದ ನೇರವಾಗಿ ಭಾಗಿಸಿದರೂ ಅದೇ ಬರುತ್ತದೆ. ಮೂರು ತುಂಡು ಮಾಡಿ ನೋಡಿದರೆ ಒಂದು ಅನುಕೂಲ ಇದೆ: ಲಾಭ ಕಡಿಮೆಯಾದದ್ದು ದರದ ಅಂತರದಿಂದಲೋ, ಮಾಲು ನಿಧಾನವಾಗಿ ಮಾರಾಟ ಆಗುತ್ತಿರುವುದರಿಂದಲೋ ಎಂದು ಬೇರೆ ಬೇರೆಯಾಗಿ ಕಾಣುತ್ತದೆ.

ತೊಡಗಿಸಿದ ಬಂಡವಾಳದ ಮೇಲಿನ ಲಾಭ ಶೇ 8.1 ಅಂತ ಇದೆ. ಬ್ಯಾಂಕ್ ಬಡ್ಡಿನೇ ಶೇ 10. ಹಾಗಿದ್ರೆ ಸಾಲ ತಗೊಂಡು ನಷ್ಟ ಮಾಡ್ಕೊಳ್ತಿದ್ದೀವಾ?

ಇಡೀ ಸ್ಲೈಡ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೇ. ಬಡ್ಡಿಗೆ ಮುಂಚಿನ ಲಾಭ 42 ಲಕ್ಷ. ಸ್ವಂತ ಬಂಡವಾಳ 180, ಟರ್ಮ್ ಲೋನ್ 90, ಸಿಸಿ 250, ಸೇರಿ 520. ಭಾಗಿಸಿದರೆ ಶೇ 8.1.

ಆದರೆ 250 ಲಕ್ಷದ ಸಿಸಿ ವರ್ಷವಿಡೀ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ 56ಕ್ಕೆ ಇಳಿದಿತ್ತು. ತಿಂಗಳ ಕೊನೆಯ ಬಾಕಿಗಳ ಸರಾಸರಿ 160 ಎಂದುಕೊಳ್ಳಿ, ಟರ್ಮ್ ಲೋನ್ ಸರಾಸರಿ 100. ಆಗ ತೊಡಗಿದ್ದ ಹಣ ಸುಮಾರು 440. 42ನ್ನು 440ರಿಂದ ಭಾಗಿಸಿದರೆ ಶೇ 9.5. ಹಂಗಾಮಿನ ವ್ಯಾಪಾರಕ್ಕೆ ಈ ಸರಾಸರಿ ಲೆಕ್ಕವೇ ನ್ಯಾಯವಾದದ್ದು. ಒಂದು ವರ್ಷದ ಲಾಭವನ್ನು ಒಂದೇ ದಿನದ ಸಾಲದಿಂದ ಭಾಗಿಸಿದರೆ ಮಿಲ್ಲಿಗೆ ಅನ್ಯಾಯ ಆಗುತ್ತದೆ.

ಹಾಗೆ ನೋಡಿದರೂ ಶೇ 9.5, ಬಡ್ಡಿಗಿಂತ ಕಡಿಮೆಯೇ. ಬ್ಯಾಂಕಿನಿಂದ ತಂದ ಪ್ರತಿ ನೂರು ರೂಪಾಯಿಗೆ ಮಿಲ್ಲು ಒಂಬತ್ತೂವರೆ ದುಡಿದು ಹತ್ತು ಕಟ್ಟುತ್ತಿದೆ. ಆ ಅರ್ಧ ರೂಪಾಯಿ ಷೇರುದಾರರ ಪಾಲಿನಿಂದ ಹೋಗುತ್ತಿದೆ. ಇಂಥ ಸ್ಥಿತಿಯಲ್ಲಿ ‘ಇನ್ನೂ ಸಾಲ ತಂದು ವ್ಯಾಪಾರ ಹಿಗ್ಗಿಸೋಣ’ ಎಂದರೆ, ದರದ ಅಂತರವೋ ಸುತ್ತಿನ ವೇಗವೋ ಹೆಚ್ಚದ ಹೊರತು ಕೊನೆಗೆ ಉಳಿಯುವ ಲಾಭ ಇನ್ನೂ ಇಳಿಯುತ್ತದೆ.

## ಸಾಲದ ರೇಶಿಯೊಗಳು

ನಮ್ಮ ಸ್ಲೈಡ್‌ನಲ್ಲಿ ಡೆಟ್-ಈಕ್ವಿಟಿ 0.5 ಇದೆ. ಬ್ಯಾಂಕಿನ ಪತ್ರದಲ್ಲಿ 2.33 ಅಂತ ಬರ್ದಿದ್ದಾರೆ. ಯಾರದ್ದು ತಪ್ಪು?

ಯಾರದ್ದೂ ತಪ್ಪಲ್ಲ. ‘ಸಾಲ’ ಎಂದು ಯಾವುದನ್ನು ಕರೆದರು ಎಂಬುದರಲ್ಲಿ ವ್ಯತ್ಯಾಸ ಇದೆ. ಟರ್ಮ್ ಲೋನ್ 90 ಮಾತ್ರ ಹಿಡಿದು 180ರಿಂದ ಭಾಗಿಸಿದರೆ 0.5. ಸಿಸಿಯನ್ನೂ ಸೇರಿಸಿದರೆ 340 ಭಾಗಿಸು 180, 1.89. ಖರೀದಿ ಬಾಕಿಯನ್ನೂ ಸೇರಿಸಿ ಹೊರಗಿನವರಿಗೆ ಕೊಡಬೇಕಾದ ಎಲ್ಲವನ್ನೂ ಹಿಡಿದರೆ 420 ಭಾಗಿಸು 180, 2.33. ಬ್ಯಾಂಕಿನವರು ಜಾಸ್ತಿ ನೋಡುವುದು ಈ ಮೂರನೆಯದನ್ನು.

ದಾಲ್ ಮಿಲ್ಲಿನಲ್ಲಿ ದೊಡ್ಡ ಸಾಲ ಸಿಸಿಯೇ. ಅದನ್ನು ಬಿಟ್ಟು 0.5 ಎಂದು ತೋರಿಸಿದರೆ ಷೇರುದಾರರಿಗೆ ಮಿಲ್ಲಿನ ನಿಜವಾದ ಹೊರೆ ಗೊತ್ತಾಗುವುದೇ ಇಲ್ಲ. ಸ್ಲೈಡ್‌ನಲ್ಲಿ ಒಂದೇ ಅಂಕಿಗೆ ಜಾಗ ಇದ್ದರೆ 1.89 ಹಾಕುವುದು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ.

ಇಂಟರೆಸ್ಟ್ ಕವರೇಜ್ ಇದೆ, ಡಿಎಸ್‌ಸಿಆರ್ ಕೂಡ ಇದೆ. ಎರಡೂ ಒಂದೇ ಅಲ್ವಾ?

ಅಲ್ಲ. ಮೊದಲನೆಯದು ಬಡ್ಡಿ ಕಟ್ಟುವ ಶಕ್ತಿ. 42 ಭಾಗಿಸು 26, 1.62. ಎರಡನೆಯದು ಕಂತು ಮತ್ತು ಬಡ್ಡಿ ಎರಡನ್ನೂ ಕಟ್ಟುವ ಶಕ್ತಿ. ಸಾಮಾನ್ಯವಾಗಿ ಇದನ್ನು ಟರ್ಮ್ ಲೋನ್‌ಗೆ ಲೆಕ್ಕ ಹಾಕುತ್ತಾರೆ. ನಿವ್ವಳ ಲಾಭ 12, ಸವಕಳಿ 16, ಟರ್ಮ್ ಲೋನ್ ಬಡ್ಡಿ 10, ಸೇರಿ 38. ಕಟ್ಟಬೇಕಾದ್ದು ಕಂತು 20, ಬಡ್ಡಿ 10, ಸೇರಿ 30. ಭಾಗಿಸಿದರೆ 1.27. ಸವಕಳಿ ಪುಸ್ತಕದಲ್ಲಿ ಖರ್ಚು, ಆದರೆ ಆ ವರ್ಷ ಕೈಯಿಂದ ಹಣ ಹೋಗಿರುವುದಿಲ್ಲ. ಅದಕ್ಕೇ ಮತ್ತೆ ಕೂಡಿಸುತ್ತಾರೆ.

1.62 ಕೇಳಲು ಸುರಕ್ಷಿತ ಅನ್ನಿಸುತ್ತದೆ. ಅದನ್ನು ಬೇಳೆ ಮಾರಾಟಕ್ಕೆ ಇಳಿಸಿ ನೋಡಿ. 42 ಲಕ್ಷ 26ಕ್ಕೆ ಇಳಿದರೆ ಬಡ್ಡಿ ಕಟ್ಟಿದ ಮೇಲೆ ಏನೂ ಉಳಿಯುವುದಿಲ್ಲ. ಅಂತರ 16 ಲಕ್ಷ. 1200 ಲಕ್ಷದ ವ್ಯಾಪಾರದಲ್ಲಿ ಅದು ಶೇ 1.33. ನೂರು ರೂಪಾಯಿ ಮಾರಾಟಕ್ಕೆ 8 ರೂಪಾಯಿ ಒಟ್ಟು ಲಾಭ ಉಳಿಯುವ ಕಡೆ 6 ರೂಪಾಯಿ 67 ಪೈಸೆ ಉಳಿದರೆ ಸಾಕು, ಲಾಭ ಸೊನ್ನೆ.

## ಇನ್ನೂ ಒಳಗೆ ಹೋಗುವವರಿಗೆ

ಉದ್ರಿ ವಸೂಲಿಗೆ 37 ದಿನ ಅಂತ ತೋರ್ಸಿದ್ದಾರೆ. ಆದ್ರೆ ನಮ್ಗೆ ಗೊತ್ತಿರೋ ವ್ಯಾಪಾರಿಗಳು ವರ್ಷದಿಂದ ಕೊಟ್ಟಿಲ್ಲ. ಹೇಗೆ?

37 ಎಂಬುದು ಸರಾಸರಿ. 120ನ್ನು 1200ರಿಂದ ಭಾಗಿಸಿ 365ರಿಂದ ಗುಣಿಸಿದ್ದು. 90 ಲಕ್ಷ ಸುಮಾರು 27 ದಿನದಲ್ಲಿ ತಿರುಗುತ್ತಿದ್ದು, 30 ಲಕ್ಷ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದರೂ ಸ್ಲೈಡ್‌ನಲ್ಲಿ 37 ದಿನ ಎಂದೇ ಬರುತ್ತದೆ. ಅದಕ್ಕೆ ಉದ್ರಿಯ ವಯಸ್ಸಿನ ಪಟ್ಟಿ ಕೇಳಬೇಕು: 30 ದಿನದೊಳಗಿನದು ಎಷ್ಟು, 90 ದಿನ ದಾಟಿದ್ದು ಎಷ್ಟು, ಆರು ತಿಂಗಳು ದಾಟಿದ್ದು ಎಷ್ಟು. ಸಾಮಾನ್ಯವಾಗಿ 90 ದಿನ ದಾಟಿದ ಉದ್ರಿಯ ಮೇಲೆ ಬ್ಯಾಂಕ್ ಸಿಸಿ ಕೊಡುವುದಿಲ್ಲ. ಹಾಗಾಗಿ ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಈ ಪಟ್ಟಿ ಈಗಾಗಲೇ ಇರುತ್ತದೆ. ಹೊಸದಾಗಿ ಮಾಡಬೇಕಿಲ್ಲ.

ತೊಗರಿ ದರ ಬಿದ್ರೆ ಈ ರೇಶಿಯೊಗಳಿಗೆ ಏನಾಗುತ್ತೆ?

ಬಹುಪಾಲು ಒಟ್ಟಿಗೆ ಕೆಡುತ್ತವೆ. ಸ್ಟಾಕ್ ಪೂರಾ ತೊಗರಿ ಎಂದುಕೊಳ್ಳೋಣ: ಕ್ವಿಂಟಾಲಿಗೆ 7500 ರೂಪಾಯಿಯಂತೆ 4000 ಕ್ವಿಂಟಾಲ್, 300 ಲಕ್ಷ. ದರ 750 ಇಳಿಯಿತು, ಅಂದರೆ ಶೇ 10. 30 ಲಕ್ಷ ಹೋಯಿತು. ವರ್ಷವಿಡೀ ದುಡಿದ ತೆರಿಗೆಗೆ ಮುಂಚಿನ ಲಾಭವೇ 16 ಲಕ್ಷ.

ಲೆಕ್ಕದ ನಿಯಮದ ಪ್ರಕಾರ ಸ್ಟಾಕನ್ನು ಕೊಂಡ ದರ ಅಥವಾ ಮಾರಿದರೆ ಸಿಗುವ ದರ, ಎರಡರಲ್ಲಿ ಕಡಿಮೆಯದರಲ್ಲಿ ತೋರಿಸಬೇಕು. ಬೇಳೆ ದರವೂ ತೊಗರಿಯ ಜೊತೆ ಬಿದ್ದಿದ್ದರೆ ನಷ್ಟವನ್ನು ಆಗಲೇ ಬರೆಯಬೇಕು. ದರ ಏರಿದಾಗ ಮಾತ್ರ ಮಾರುವ ತನಕ ಲಾಭ ತೋರಿಸುವಂತಿಲ್ಲ. ತೆರಿಗೆಯ ಲೆಕ್ಕ ಬದಿಗಿಟ್ಟರೆ, ಕರೆಂಟ್ ರೇಶಿಯೊ 410 ಭಾಗಿಸು 350, 1.17 ಆಗುತ್ತದೆ. ಸ್ವಂತ ಬಂಡವಾಳ 150ಕ್ಕೆ ಇಳಿಯುತ್ತದೆ, ಹೊರಗಿನ ಬಾಕಿಯ ರೇಶಿಯೊ 2.33ರಿಂದ 2.8ಕ್ಕೆ ಏರುತ್ತದೆ.

ಸ್ಲೈಡ್‌ನಲ್ಲಿ ಕಾಣದ ಪೆಟ್ಟು ಇನ್ನೊಂದಿದೆ. ಸಿಸಿಯಲ್ಲಿ ಎಷ್ಟು ತೆಗೆಯಬಹುದು ಎಂಬುದನ್ನು ಬ್ಯಾಂಕ್ ಪ್ರತಿ ತಿಂಗಳು ಸ್ಟಾಕ್ ನೋಡಿ ಲೆಕ್ಕ ಹಾಕುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎನ್ನುತ್ತಾರೆ. ಸ್ಟಾಕ್ ಮತ್ತು ಉದ್ರಿ ಕೂಡಿಸಿ, ಖರೀದಿ ಬಾಕಿ ಕಳೆದು, ಶೇ 25 ಮಾರ್ಜಿನ್ ಬಿಡುತ್ತಾರೆ ಎಂದುಕೊಳ್ಳಿ (ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ). ಮೊದಲು 340ರ ಮುಕ್ಕಾಲು, 255 ಲಕ್ಷ. ತೆಗೆದದ್ದು 250, ಸರಿ ಇತ್ತು. ದರ ಬಿದ್ದ ಮೇಲೆ 310ರ ಮುಕ್ಕಾಲು, 232.5 ಲಕ್ಷ. ಈಗ 17.5 ಲಕ್ಷ ಕೂಡಲೇ ಕಟ್ಟಬೇಕು. ಕೈಯಲ್ಲಿರುವ ನಗದು 10 ಲಕ್ಷ. ಹಾಗಾಗಿ ಬಿದ್ದ ದರದಲ್ಲೇ ತೊಗರಿ ಮಾರಬೇಕಾಗುತ್ತದೆ. ದರ ಮತ್ತೆ ಏರುವ ತನಕ ಕಾಯುವ ಶಕ್ತಿ ಇದೆಯೇ ಎಂದು ತಿಳಿಯಲು ಡ್ರಾಯಿಂಗ್ ಪವರ್‌ಗೂ ಸಿಸಿ ಬಾಕಿಗೂ ಎಷ್ಟು ಅಂತರ ಇದೆ ಎಂದು ಕೇಳಿ. ಇಲ್ಲಿ ಅದು ಬರೀ 5 ಲಕ್ಷ ಇತ್ತು.

ಹೋದ ವರ್ಷದ ಸ್ಲೈಡ್‌ನಲ್ಲಿ ಒಂದು ಲೆಕ್ಕ, ಈ ವರ್ಷ ಇನ್ನೊಂದು ಲೆಕ್ಕ. ಯಾವ ಸೂತ್ರ ಬಳಸಿದ್ರು ಅಂತ ಪತ್ತೆ ಮಾಡೋದು ಹೇಗೆ?

ಪಾಲುದಾರಿಕೆಯ ಮಿಲ್ಲಾದರೆ ಲೆಕ್ಕ ಬರೆದವರನ್ನೇ ಕೇಳಬೇಕು. ರೈತ ಉತ್ಪಾದಕರ ಕಂಪನಿಯಾದರೆ ದಾರಿ ಸುಲಭ, ಏಕೆಂದರೆ ಅದು ಕಂಪನಿ ಕಾಯ್ದೆಯಡಿ ಬರುತ್ತದೆ. ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲೆಕ್ಕಪತ್ರದ ಟಿಪ್ಪಣಿಯಲ್ಲಿ 11 ರೇಶಿಯೊ ಕೊಡಬೇಕು. ಪ್ರತಿಯೊಂದರ ಅಂಶ ಯಾವುದು, ಛೇದ ಯಾವುದು ಎಂದೂ ಬರೆಯಬೇಕು. ಹೋದ ವರ್ಷಕ್ಕಿಂತ ಶೇ 25ಕ್ಕಿಂತ ಹೆಚ್ಚು ಬದಲಾಗಿದ್ದರೆ ಕಾರಣ ಕೊಡಬೇಕು.

ಸ್ಲೈಡ್ ಮಾಡುವವರು ಈ ಟಿಪ್ಪಣಿಯ ಅಂಕಿಗಳನ್ನೇ ಬಳಸಬೇಕೆಂದೇನೂ ಇಲ್ಲ. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಬಂದರೆ ಎರಡೂ ಕಡೆಯ ಅಂಶವನ್ನೂ ಛೇದವನ್ನೂ ಹೋಲಿಸಿ. ಸಿಸಿ ಬಿಟ್ಟಿದ್ದಾರಾ, ಕಂತು ಬಿಟ್ಟಿದ್ದಾರಾ, ಸರಾಸರಿ ಹಿಡಿದಿದ್ದಾರಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಕಾರಣದ ಕಾಲಂ ಅನ್ನೂ ಓದಿ. ‘ವ್ಯಾಪಾರದಲ್ಲಿನ ಬದಲಾವಣೆಯಿಂದ’ ಎಂದು ಬರೆದಿದ್ದರೆ ಅದು ಕಾರಣವಲ್ಲ. ‘ಮಾರ್ಚ್‌ನಲ್ಲಿ ಹೋದ ವರ್ಷಕ್ಕಿಂತ 1500 ಕ್ವಿಂಟಾಲ್ ಜಾಸ್ತಿ ತೊಗರಿ ಕೊಂಡು ಇಟ್ಟಿದ್ದರಿಂದ ಸಿಸಿ ಏರಿದೆ’ ಎಂದು ಬರೆದಿದ್ದರೆ ಅದು ಕಾರಣ. ಅದನ್ನು ಗೋದಾಮಿನ ರಿಜಿಸ್ಟರ್‌ಗೆ ತಾಳೆ ಹಾಕಿ ನೋಡಬಹುದು.